ಸ್ಕ್ಯಾನಿಂಗಿನಲ್ಲಿ ಕಂಡ ಗಡ್ಡೆಯೇ ನೋವಿಗೆ ಕಾರಣವೇ?

ಮುಟ್ಟಿನ ಹೊಟ್ಟೆನೋವು ತಡೆಯಲಾರದೆ ಸ್ಕ್ಯಾನಿಂಗ್ ಮಾಡಿಸಿಕೊಂಡ ಹೆಂಗಸರ ರಿಪೋರ್ಟುಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಕೊನೆಯ ಸಾಲು ಹೆಚ್ಚುಕಮ್ಮಿ ಮೂರರಲ್ಲಿ ಒಂದಾಗಿರುತ್ತದೆ. ‘ಬಲ್ಕಿ ಯೂಟರಸ್’ ಎಂದಿರುತ್ತದೆ, ಅಂದರೆ ಗರ್ಭಕೋಶ ದಪ್ಪಗಿದೆ. ‘ಸ್ಮಾಲ್ ಫೈಬ್ರಾಯ್ಡ್’ ಎಂದಿರುತ್ತದೆ, ಅಂದರೆ ಸಣ್ಣ ಗಡ್ಡೆಯೊಂದು ಕಂಡಿದೆ. ಇವೆರಡೂ ಇಲ್ಲದಿದ್ದರೆ ‘ನಾರ್ಮಲ್’. ಮೊದಲಿನವರು ಗರ್ಭಕೋಶವೇ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಎರಡನೆಯವರು ಗಡ್ಡೆ ತೆಗೆಸಿದರೆ ನೋವು ಹೋಗುತ್ತದೆ ಅಂದುಕೊಳ್ಳುತ್ತಾರೆ. ಮೂರನೆಯವರಿಗೆ ಮನೆಯಲ್ಲಿ ‘ಏನೂ ಇಲ್ಲ ಅಂದ್ರಲ್ಲ, ಸುಮ್ನೆ ಯಾಕೆ ನರಳ್ತೀಯ’ ಎಂಬ ಮಾತು ಸಿಗುತ್ತದೆ. ಮೂವರೂ ದಾರಿ ತಪ್ಪಿರುವ ಸಾಧ್ಯತೆ ಸಾಕಷ್ಟಿದೆ.

ಏಕೆಂದರೆ ಈ ನೋವಿನ ವಿಷಯದಲ್ಲಿ ಸ್ಕ್ಯಾನಿಂಗಿಗೆ ಸುಲಭವಾಗಿ ಕಾಣುವ ಕಾಯಿಲೆ ಸಾಮಾನ್ಯವಾಗಿ ಅಷ್ಟು ನೋಯಿಸುವುದಿಲ್ಲ; ಹೆಚ್ಚು ನೋಯಿಸುವ ಕಾಯಿಲೆ ಸುಲಭವಾಗಿ ಕಾಣುವುದಿಲ್ಲ. ಆದ್ದರಿಂದ ಪರದೆಯ ಮೇಲಿನ ಚಿತ್ರವನ್ನು ನೋಡುವ ಮುಂಚೆ ನೋವು ಯಾವ ದಿನ ಬರುತ್ತದೆ, ಎಲ್ಲಿಗೆ ಹರಡುತ್ತದೆ, ಅದರ ಜೊತೆ ರಕ್ತ ಎಷ್ಟು ಹೋಗುತ್ತದೆ ಎಂದು ಕೇಳಬೇಕು. ಹೊರರೋಗಿ ವಿಭಾಗದ ಗದ್ದಲದಲ್ಲಿ ಆ ಪ್ರಶ್ನೆಗಳಿಗೆ ಹೊತ್ತು ಸಿಗುವುದಿಲ್ಲ ಎಂಬುದು ಬೇರೆ ಮಾತು.

ಮೊದಲು ಮಾಮೂಲಿ ಮುಟ್ಟಿನ ನೋವು ಹೇಗಿರುತ್ತದೆ ಎಂದು ತಿಳಿದರೆ ಉಳಿದದ್ದು ಸುಲಭ. ಹುಡುಗಿ ಮೈನೆರೆದು ಆರು ತಿಂಗಳಿಂದ ಒಂದೆರಡು ವರ್ಷದೊಳಗೆ, ಅಂಡಾಶಯದಿಂದ ತಿಂಗಳು ತಿಂಗಳು ಅಂಡ ಬಿಡುಗಡೆಯಾಗುವುದು ರೂಢಿಯಾದ ಮೇಲೆ ಈ ನೋವು ಶುರುವಾಗುತ್ತದೆ. ಗರ್ಭಕೋಶದ ಒಳಪೊರೆ ಕಳಚುವಾಗ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕ ಹೊರಬರುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಹಿಂಡುತ್ತದೆ. ಹಿಂಡಿದಾಗ ಸ್ನಾಯುವಿಗೆ ರಕ್ತ ಸಾಲದೆ ನೋಯುತ್ತದೆ. ರಕ್ತ ಕಾಣಿಸಿಕೊಳ್ಳುವ ಕೆಲವು ಗಂಟೆ ಮುಂಚೆಯೋ ಕಾಣಿಸಿಕೊಂಡ ಕೂಡಲೋ ಆರಂಭವಾಗುವ ಈ ನೋವು ಎರಡು, ಹೆಚ್ಚೆಂದರೆ ಮೂರು ದಿನದಲ್ಲಿ ಇಳಿಯುತ್ತದೆ. ಕಿಬ್ಬೊಟ್ಟೆಯ ನಡುವೆ ಹಿಂಡಿದ ಹಾಗೆ ಇರುತ್ತದೆ, ಸೊಂಟಕ್ಕೂ ತೊಡೆಗೂ ಇಳಿಯುತ್ತದೆ, ವಾಕರಿಕೆಯೂ ಬರಬಹುದು. ವರ್ಷದಿಂದ ವರ್ಷಕ್ಕೆ ಇದು ಹೆಚ್ಚುವುದಿಲ್ಲ. ‘ಒಂದು ಮಗು ಆದ್ರೆ ಸರಿಹೋಗುತ್ತೆ’ ಎಂದು ಅಜ್ಜಿಯರು ಹೇಳುವುದು ಈ ನೋವಿನ ಮಟ್ಟಿಗೆ ಪೂರಾ ಸುಳ್ಳಲ್ಲ. ಎಷ್ಟೋ ಜನರಿಗೆ ಹೆರಿಗೆಯ ನಂತರ ಕಡಿಮೆಯಾಗುತ್ತದೆ.

ಈ ನೋವಿಗೆ ಐಬುಪ್ರೊಫೇನ್, ಮೆಫೆನಮಿಕ್ ಆಸಿಡ್‌ನಂಥ ಮಾತ್ರೆಗಳು ಚೆನ್ನಾಗಿ ಕೆಲಸ ಮಾಡುತ್ತವೆ, ಏಕೆಂದರೆ ಅವು ಪ್ರೊಸ್ಟಾಗ್ಲ್ಯಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ನೋವು ನೆತ್ತಿಗೇರಿದ ಮೇಲೆ ನುಂಗುವುದಕ್ಕಿಂತ, ಶುರುವಾಗುವ ಸೂಚನೆ ಸಿಕ್ಕ ಕೂಡಲೇ ಊಟದ ನಂತರ ತೆಗೆದುಕೊಂಡರೆ ಗುಣ ಹೆಚ್ಚು. ಅಲ್ಸರ್, ಕಿಡ್ನಿ ತೊಂದರೆ, ಆಸ್ತಮಾ ಇದ್ದವರು ವೈದ್ಯರನ್ನು ಕೇಳದೆ ನುಂಗಬಾರದು. ಮೆಫೆನಮಿಕ್ ಆಸಿಡ್‌ನಿಂದ ಅಪರೂಪಕ್ಕೆ ಜ್ವರ, ಮೈಮೇಲೆ ದದ್ದು ಬಂದು ಒಳಾಂಗಗಳಿಗೂ ತಟ್ಟುವ ತೀವ್ರ ಅಲರ್ಜಿ ಆಗಬಹುದೆಂದು ಭಾರತೀಯ ಫಾರ್ಮಕೋಪಿಯಾ ಆಯೋಗ 2023ರಲ್ಲಿ ಎಚ್ಚರಿಸಿತ್ತು. ಇಷ್ಟಾಗಿಯೂ ಈ ಮಾತ್ರೆಗಳು ಒಂದು ಸುಳಿವು ಕೊಡುತ್ತವೆ. ಸರಿಯಾದ ಪ್ರಮಾಣದಲ್ಲಿ, ಸರಿಯಾದ ಹೊತ್ತಿಗೆ ಮೂರು ತಿಂಗಳು ತೆಗೆದುಕೊಂಡರೂ ಶಾಲೆಗೋ ಕೆಲಸಕ್ಕೋ ರಜೆ ಹಾಕಬೇಕಾಗಿ ಬಂದರೆ, ಹಿಂದೆ ಇಲ್ಲದ ನೋವು ಈಗ ವರ್ಷಾವಧಿ ಬೆಳೆಯುತ್ತಿದ್ದರೆ, ಬೇರೆ ಕಾರಣ ಹುಡುಕಬೇಕು.

ಆಗ ವೈದ್ಯರ ಮನಸ್ಸಿಗೆ ಮೊದಲು ಬರುವ ಹೆಸರುಗಳು ಮೂರು. ಎಂಡೊಮೆಟ್ರಿಯೋಸಿಸ್‌ನಲ್ಲಿ ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೋ ಕರುಳಿನ ಮೇಲೋ ಹೊಟ್ಟೆಯ ಒಳಹೊದಿಕೆಯ ಮೇಲೋ ಬೇರುಬಿಡುತ್ತದೆ. ಅಡೆನೊಮಯೋಸಿಸ್‌ನಲ್ಲಿ ಅದೇ ಬಗೆಯ ಅಂಗಾಂಶ ಗರ್ಭಕೋಶದ ಗೋಡೆಯ ಸ್ನಾಯುವಿನೊಳಗೆ ನುಗ್ಗುತ್ತದೆ. ಫೈಬ್ರಾಯ್ಡ್ ಎಂದರೆ ಗರ್ಭಕೋಶದ ಸ್ನಾಯುವೇ ಒಂದೆಡೆ ಉಂಡೆಕಟ್ಟಿ ಬೆಳೆದದ್ದು. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರಾಗಿ ಬದಲಾಗುವುದೂ ಅತ್ಯಪರೂಪ. ಮೂರೂ ಮುಟ್ಟಿನ ಹಾರ್ಮೋನುಗಳನ್ನು ಉಂಡೇ ಬದುಕುವುದರಿಂದ ಮೂರರ ತೊಂದರೆಯೂ ಮುಟ್ಟಿನ ದಿನಗಳಲ್ಲೇ ಏರುತ್ತದೆ. ಗೊಂದಲ ಹುಟ್ಟುವುದೇ ಇಲ್ಲಿ.

ಒಬ್ಬಾಕೆಯ ಕಥೆ ಹಿಡಿದು ಹೋಗೋಣ. ಶೋಭಾ ಎಂಬ ಹೆಸರು ನಾನಿಟ್ಟದ್ದು. ಇಂಥ ಹಲವರಲ್ಲಿ ಕಾಣುವುದನ್ನು ಕೂಡಿಸಿ ಕಟ್ಟಿದ ಉದಾಹರಣೆ ಇದು. ವಯಸ್ಸು 31, ದಾವಣಗೆರೆಯ ಖಾಸಗಿ ಶಾಲೆಯಲ್ಲಿ ಟೀಚರ್, ಮದುವೆಯಾಗಿ ಮೂರು ವರ್ಷ. ಕಾಲೇಜಿನಲ್ಲಿದ್ದಾಗ ಮೊದಲ ದಿನ ಮಾತ್ರ ನೋಯುತ್ತಿತ್ತು, ಒಂದು ಮಾತ್ರೆಗೆ ನಿಲ್ಲುತ್ತಿತ್ತು. ಈಗ ಎರಡು ಮಾತ್ರೆಗೂ ನಿಲ್ಲುವುದಿಲ್ಲ. ಹೊಟ್ಟೆಯ ಮೇಲಿನಿಂದ ಮಾಡಿದ ಸ್ಕ್ಯಾನಿಂಗಿನಲ್ಲಿ ಗರ್ಭಕೋಶದ ಹಿಂಗೋಡೆಯಲ್ಲಿ 2.8 ಸೆಂ.ಮೀ. ಫೈಬ್ರಾಯ್ಡ್ ಇದೆಯೆಂದು ಬಂತು. ರಿಪೋರ್ಟಿನ ಮಧ್ಯದಲ್ಲೆಲ್ಲೋ, ಎಡ ಅಂಡಾಶಯದಲ್ಲಿ 3.4 ಸೆಂ.ಮೀ. ‘ಹೆಮರೇಜಿಕ್ ಸಿಸ್ಟ್’, ಅಂದರೆ ರಕ್ತ ತುಂಬಿದ ನೀರುಗುಳ್ಳೆ, ಎಂದೂ ಇತ್ತು. ಅದನ್ನು ಯಾರೂ ಗಮನಿಸಲಿಲ್ಲ. ಗಡ್ಡೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಮನೆಯವರಿಗೆ ಬೇರೇನೂ ಕೇಳಿಸಲಿಲ್ಲ. ಆಪರೇಷನ್‌ಗೆ ದುಡ್ಡು ಹೊಂದಿಸುವ ಮಾತೂ ಆಯಿತು.

ಅಭಿಪ್ರಾಯ ಕೇಳೋಣವೆಂದು ಹೋದ ಎರಡನೆಯ ವೈದ್ಯೆ ರಿಪೋರ್ಟನ್ನು ಮಡಿಚಿ ಪಕ್ಕಕ್ಕಿಟ್ಟರು.

‘ನೋವು ಯಾವಾಗ ಶುರುವಾಗುತ್ತಮ್ಮಾ? ಡೇಟ್ ಬಂದ ಮೇಲಾ, ಮುಂಚೇನಾ?’

‘ಮುಂಚೇನೇ ಮೇಡಂ. ಎರಡು ಮೂರು ದಿನ ಮುಂಚೆ. ಡೇಟ್ ಬಂದ ದಿನ ಎದ್ದೇಳೋಕಾಗಲ್ಲ.’

‘ಬ್ಲೀಡಿಂಗ್ ಜಾಸ್ತಿನಾ?’

‘ಇಲ್ಲ, ಮಾಮೂಲು. ನಾಲ್ಕು ದಿನ, ದಿನಕ್ಕೆ ಮೂರೋ ನಾಲ್ಕೋ ಪ್ಯಾಡ್.’

‘ಆ ದಿನಗಳಲ್ಲಿ ಕಕ್ಕಸಿಗೆ ಹೋಗುವಾಗ ನೋವಾಗುತ್ತಾ?’

ಶೋಭಾ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಆ ಎರಡು ದಿನ ಹಿಂಬದಿಯಲ್ಲಿ ಚಾಕು ಚುಚ್ಚಿದಂತಾಗುತ್ತದೆ, ಅದಕ್ಕೇ ಮುಟ್ಟಿನ ಹಿಂದಿನ ದಿನದಿಂದ ಊಟ ಕಡಿಮೆ ಮಾಡುತ್ತೇನೆ ಎಂದಳು. ಗಂಡನ ಜೊತೆ ಸೇರುವಾಗ ಒಳಗೆ ಆಳದಲ್ಲಿ ನೋವಾಗುತ್ತದೆಯೇ ಎಂಬ ಮುಂದಿನ ಪ್ರಶ್ನೆಗೆ ಬಾಯಿಬಿಡದೆ ತಲೆಯಾಡಿಸಿದಳು.

ಇಷ್ಟರಲ್ಲೇ ಫೈಬ್ರಾಯ್ಡ್ ಮೇಲಿನ ಆರೋಪ ಬಹುಪಾಲು ಬಿದ್ದುಹೋಗುತ್ತದೆ. ಗರ್ಭಕೋಶದ ಗೋಡೆಯಲ್ಲಿ ಕೂತ ಮೂರು ಸೆಂ.ಮೀ. ಒಳಗಿನ ಗಡ್ಡೆ, ರಕ್ತಸ್ರಾವವನ್ನೂ ಹೆಚ್ಚಿಸದೆ, ಮುಟ್ಟಿಗೆ ಮೂರು ದಿನ ಮುಂಚೆಯಿಂದ ಇಂಥ ನೋವು ಕೊಡುವುದು, ಮಲವಿಸರ್ಜನೆಯನ್ನು ನರಕ ಮಾಡುವುದು ಅದರ ಜಾಯಮಾನವಲ್ಲ. ಸ್ರಾವಕ್ಕೆ ಮುಂಚೆಯೇ ಶುರುವಾಗುವ ನೋವು, ಆ ದಿನಗಳಲ್ಲಿ ಮಲ ಅಥವಾ ಮೂತ್ರ ಹೋಗುವಾಗಿನ ನೋವು, ಸಂಭೋಗದಲ್ಲಿ ಆಳದ ನೋವು, ಇವಿಷ್ಟರ ಜೊತೆಗೆ ಹದವಾದ ರಕ್ತಸ್ರಾವ ಇದ್ದರೆ ಬೆರಳು ಎಂಡೊಮೆಟ್ರಿಯೋಸಿಸ್ ಕಡೆಗೆ ತಿರುಗುತ್ತದೆ. ಬೇಗ ಮಗು ನಿಲ್ಲದಿರುವುದೂ ಜೊತೆಗಿದ್ದರೆ ಅನುಮಾನ ಇನ್ನೂ ಬಲವಾಗುತ್ತದೆ.

ವೈದ್ಯೆ ಕೈಯಿಟ್ಟು ಪರೀಕ್ಷಿಸಿದಾಗ ಗರ್ಭಕೋಶ ಹಿಂದಕ್ಕೆ ಬಾಗಿ ಅಲುಗಾಡದಂತೆ ಅಂಟಿಕೊಂಡಿತ್ತು. ಗರ್ಭಕೋಶದ ಕೊರಳಿನ ಹಿಂದೆ, ಗುದನಾಳದ ಪಕ್ಕ, ಮುಟ್ಟಿದರೆ ಬೆಚ್ಚಿಬೀಳುವಷ್ಟು ನೋಯುವ ಗಂಟೊಂದು ಸಿಕ್ಕಿತು. ಎಂಟು ವಾರ ಬಿಟ್ಟು, ಈ ಕಾಯಿಲೆಯನ್ನೇ ಹುಡುಕುವ ಅಭ್ಯಾಸವಿರುವ ರೇಡಿಯಾಲಜಿಸ್ಟ್ ಹತ್ತಿರ ಯೋನಿಮಾರ್ಗದ ಸ್ಕ್ಯಾನಿಂಗ್ ಆಯಿತು. ಎಂಟು ವಾರ ಬಿಟ್ಟದ್ದಕ್ಕೆ ಕಾರಣವಿದೆ. ಅಂಡ ಬಿಡುಗಡೆಯಾಗುವಾಗ ರಕ್ತ ತುಂಬಿಕೊಂಡ ಮಾಮೂಲಿ ಸಿಸ್ಟ್ ಅಷ್ಟರೊಳಗೆ ಸಾಮಾನ್ಯವಾಗಿ ಕರಗಿಹೋಗುತ್ತದೆ. ಶೋಭಾಳದು ಇದ್ದಷ್ಟೇ ಇತ್ತು, ಒಳಗೆ ಮಸುಕು ಗಾಜಿನಂತೆ ಒಂದೇ ಸಮನಾಗಿ ಕಾಣುತ್ತಿತ್ತು. ಹಳೆಯ ರಕ್ತ ಕಪ್ಪುಗಂದು ಬಣ್ಣಕ್ಕೆ ತಿರುಗಿ ತುಂಬಿಕೊಳ್ಳುವುದರಿಂದ ಇದನ್ನು ‘ಚಾಕೊಲೇಟ್ ಸಿಸ್ಟ್’ ಎನ್ನುತ್ತಾರೆ. ಇನ್ನೊಂದು ಗುರುತೂ ಸಿಕ್ಕಿತು. ಸ್ಕ್ಯಾನಿಂಗಿನ ಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ಆರೋಗ್ಯವಂತರಲ್ಲಿ ಗರ್ಭಕೋಶವೂ ಕರುಳೂ ಒಂದರ ಮೇಲೊಂದು ಜಾರುತ್ತವೆ. ಇಲ್ಲಿ ಜಾರಲಿಲ್ಲ. ಒಳಗೆ ಅಂಟು ಬಿದ್ದಿದೆ ಎಂದರ್ಥ. ಎಂಆರ್‌ಐ ಆ ಗಂಟನ್ನು ಖಚಿತಪಡಿಸಿತು. ಜೊತೆಗೆ ಕಿಡ್ನಿಗಳನ್ನೂ ನೋಡಿದರು, ಏಕೆಂದರೆ ಆಳಕ್ಕಿಳಿದ ಎಂಡೊಮೆಟ್ರಿಯೋಸಿಸ್ ಮೂತ್ರನಾಳವನ್ನು ಸದ್ದಿಲ್ಲದೆ ಅಮುಕಿ ಕಿಡ್ನಿಯನ್ನು ಹಾಳುಮಾಡಬಲ್ಲದು. ಅವಳ ಕಿಡ್ನಿ ಚೆನ್ನಾಗಿತ್ತು.

ಅಂಗಾಂಶ ಹೊರಗೆ ಹೋಗುವುದು ಹೇಗೆ? ನ್ಯೂಯಾರ್ಕ್ ರಾಜ್ಯದ ಆಲ್ಬನಿಯಲ್ಲಿದ್ದ ಜಾನ್ ಸ್ಯಾಂಪ್ಸನ್ ಎಂಬ ವೈದ್ಯರು 1920ರ ದಶಕದಲ್ಲಿ ಹೇಳಿದ್ದು ಇಂದಿಗೂ ಮುಖ್ಯ ವಿವರಣೆ: ಮುಟ್ಟಿನ ರಕ್ತದ ಒಂದು ಪಾಲು ಗರ್ಭನಾಳಗಳ ಮೂಲಕ ಹಿಮ್ಮುಖವಾಗಿ ಹೊಟ್ಟೆಯೊಳಗೆ ಸುರಿಯುತ್ತದೆ, ಅದರಲ್ಲಿನ ಜೀವಕೋಶಗಳು ಅಲ್ಲಿ ನೆಲೆ ಹಿಡಿಯುತ್ತವೆ. ಹಿಮ್ಮುಖ ಹರಿವು ಬಹುಪಾಲು ಹೆಂಗಸರಲ್ಲಿ ಇದೆ, ಕಾಯಿಲೆ ಬರುವುದು ಸುಮಾರು ಹತ್ತರಲ್ಲಿ ಒಬ್ಬರಿಗೆ. ಹಾಗಾಗಿ ರೋಗನಿರೋಧಕ ಶಕ್ತಿಯೂ ವಂಶವಾಹಿಯೂ ಇದರಲ್ಲಿ ಕೈಯಾಡಿಸಿರಬೇಕು. ನೆಲೆ ಹಿಡಿದ ತುಣುಕುಗಳು ಪ್ರತಿ ತಿಂಗಳೂ ಕೆರಳುತ್ತವೆ, ಸುತ್ತ ಉರಿಯೂತ ಎಬ್ಬಿಸುತ್ತವೆ, ಕ್ರಮೇಣ ಅಂಗಗಳನ್ನು ಒಂದಕ್ಕೊಂದು ಅಂಟಿಸುತ್ತವೆ. ಸಿಸೇರಿಯನ್ ಹೊಲಿಗೆಯ ಗಾಯದ ಜಾಗದಲ್ಲಿ ಸಣ್ಣ ಗಂಟೊಂದು ಪ್ರತಿ ಮುಟ್ಟಿಗೂ ಊದಿ ನೋಯುವುದು, ಆಮೇಲೆ ಇಳಿಯುವುದು ಕೆಲವರಲ್ಲಿ ಉಂಟು. ಅದೂ ಇದೇ.

ತೊಡಕು ಏನೆಂದರೆ ಹೊಟ್ಟೆಯ ಒಳಹೊದಿಕೆಯ ಮೇಲೆ ಚುಕ್ಕೆಚುಕ್ಕೆಯಾಗಿ ಹರಡಿದ ಎಂಡೊಮೆಟ್ರಿಯೋಸಿಸ್ ಎಷ್ಟು ಒಳ್ಳೆಯ ಸ್ಕ್ಯಾನಿಂಗಿನಲ್ಲೂ ಸಾಮಾನ್ಯವಾಗಿ ಕಾಣದು. ನೋವಿನ ಪ್ರಮಾಣಕ್ಕೂ ಕಾಯಿಲೆಯ ವಿಸ್ತಾರಕ್ಕೂ ತಾಳೆಯಿಲ್ಲ. ನಾಲ್ಕೇ ಚುಕ್ಕೆಯವರು ಹಾಸಿಗೆ ಹಿಡಿಯಬಹುದು, ದೊಡ್ಡ ಚಾಕೊಲೇಟ್ ಸಿಸ್ಟ್ ಇದ್ದವರು ನಿರಾಳವಾಗಿರಬಹುದು. ಹಿಂದೆ ಲ್ಯಾಪ್ರೊಸ್ಕೋಪಿ ಮಾಡಿ ಕಣ್ಣಾರೆ ನೋಡದೆ ಈ ಕಾಯಿಲೆಯ ಹೆಸರನ್ನೇ ಹೇಳುತ್ತಿರಲಿಲ್ಲ. 2022ರ ಯೂರೋಪಿನ ಮಾರ್ಗಸೂಚಿ ಆ ಪಟ್ಟು ಸಡಿಲಿಸಿದೆ: ಲಕ್ಷಣಗಳು ಹೊಂದಿಕೆಯಾದರೆ ನೇರವಾಗಿ ಹಾರ್ಮೋನ್ ಚಿಕಿತ್ಸೆ ಶುರುಮಾಡಬಹುದು, ಸ್ಕ್ಯಾನಿಂಗ್ ಖಾಲಿ ಬಂದಾಗ ಅಥವಾ ಔಷಧ ಕೈಕೊಟ್ಟಾಗ ಲ್ಯಾಪ್ರೊಸ್ಕೋಪಿ. ಸಿಎ-125 ಎಂಬ ರಕ್ತಪರೀಕ್ಷೆಯಿಂದ ಇದನ್ನು ಪತ್ತೆ ಮಾಡಬಾರದೆಂದೂ ಅದು ಹೇಳುತ್ತದೆ. ಆ ಅಂಕಿ ಮುಟ್ಟಿನಲ್ಲೂ ಏರುತ್ತದೆ, ಫೈಬ್ರಾಯ್ಡಿನಲ್ಲೂ ಏರುತ್ತದೆ. ಅದನ್ನು ನೋಡಿ ಕ್ಯಾನ್ಸರ್ ಎಂದು ನಿದ್ದೆಗೆಟ್ಟವರೇ ಹೆಚ್ಚು.

ಶೋಭಾ ಬಿ.ಎಡ್ ಮುಗಿಸುವವರೆಗೆ, ಒಂದು ವರ್ಷ, ಮಗು ಬೇಡ ಎಂದಿದ್ದಳು. ಅದರಿಂದ ದಾರಿ ಸುಲಭವಾಯಿತು. ಡಿಯೆನೊಜೆಸ್ಟ್ 2 ಮಿ.ಗ್ರಾಂ ಮಾತ್ರೆ ದಿನಕ್ಕೊಂದು, ನಡುವೆ ಬಿಡದೆ. ಮೊದಲ ಎರಡು ತಿಂಗಳು ಹೊತ್ತಲ್ಲದ ಹೊತ್ತಿನಲ್ಲಿ ಚುಕ್ಕೆಚುಕ್ಕೆ ರಕ್ತ ಕಾಣಿಸಿಕೊಂಡಿತು. ಇದು ನಿರೀಕ್ಷಿತ, ಆದರೆ ಮೊದಲೇ ಹೇಳದಿದ್ದರೆ ಬಹಳ ಜನ ಮಾತ್ರೆಯನ್ನು ಅಲ್ಲಿಗೇ ಬಿಟ್ಟುಬಿಡುತ್ತಾರೆ. ಮೂರನೆಯ ತಿಂಗಳಿನ ಹೊತ್ತಿಗೆ ಹತ್ತಕ್ಕೆ ಒಂಬತ್ತಿದ್ದ ನೋವು ಮೂರಕ್ಕೆ ಇಳಿಯಿತು. ಈ ಮಾತ್ರೆಯನ್ನು ಗರ್ಭನಿರೋಧಕವೆಂದು ನಂಬಬಾರದು, ಬೇರೆ ವ್ಯವಸ್ಥೆ ಬೇಕು. ಹಾಗೆಯೇ, ಮಗು ಬೇಕು ಎನ್ನುವವರಿಗೆ ಇದು ದಾರಿಯಲ್ಲ. ಅಂಡ ಬಿಡುಗಡೆಯನ್ನು ತಡೆಯುವ ಔಷಧದಿಂದ ಬಸಿರು ನಿಲ್ಲುವ ಸಾಧ್ಯತೆ ಹೆಚ್ಚುವುದಿಲ್ಲ. ಅವರ ವಿಷಯದಲ್ಲಿ ಲ್ಯಾಪ್ರೊಸ್ಕೋಪಿಯಲ್ಲಿ ಕಾಯಿಲೆ ತೆಗೆಯುವುದೋ, ನೇರ ಐವಿಎಫ್‌ಗೆ ಹೋಗುವುದೋ ಎಂಬ ಲೆಕ್ಕಾಚಾರ ಬರುತ್ತದೆ. ಚಾಕೊಲೇಟ್ ಸಿಸ್ಟ್ ತೆಗೆಯುವಾಗ ಅದರ ಜೊತೆ ಆರೋಗ್ಯವಂತ ಅಂಡಗಳೂ ಕೊಂಚ ನಷ್ಟವಾಗುವುದರಿಂದ ಕತ್ತರಿ ಹಿಡಿಯುವ ಮುಂಚೆ ಅಂಡಗಳ ದಾಸ್ತಾನು ಎಷ್ಟಿದೆ ಎಂದು ಎಎಮ್‌ಎಚ್ ರಕ್ತಪರೀಕ್ಷೆಯಿಂದ ಅಂದಾಜು ಮಾಡಿಕೊಳ್ಳುವುದು ಒಳ್ಳೆಯದು.

ಆರು ತಿಂಗಳ ನಂತರದ ಸ್ಕ್ಯಾನಿಂಗಿನಲ್ಲಿ ಸಿಸ್ಟ್ ಚಿಕ್ಕದಾಗಿತ್ತು. ಫೈಬ್ರಾಯ್ಡ್ ಮಾತ್ರ 2.8 ಸೆಂ.ಮೀ. ಇದ್ದಲ್ಲೇ ಇತ್ತು.

ಈಗ ಅಡೆನೊಮಯೋಸಿಸ್‌ಗೆ ಬರೋಣ. ಅದರ ಚಿತ್ರವೇ ಬೇರೆ. ಶೋಭಾಳ ಚಿಕ್ಕಮ್ಮ ಎಂದಿಟ್ಟುಕೊಳ್ಳಿ, 43 ವರ್ಷ, ಇಬ್ಬರು ಮಕ್ಕಳು, ಒಂದು ಸಿಸೇರಿಯನ್. ಮದುವೆಗೆ ಮುಂಚೆ ಆಕೆಗೆ ಮುಟ್ಟಿನ ನೋವು ಎಂದರೇನೆಂದೇ ಗೊತ್ತಿರಲಿಲ್ಲ. ಎರಡನೆಯ ಮಗುವಾದ ಕೆಲವು ವರ್ಷದ ಮೇಲೆ ನಾಲ್ಕು ದಿನದ ಮುಟ್ಟು ಎಂಟು ದಿನವಾಯಿತು. ಗಂಟೆಗೊಂದು, ಎರಡು ಗಂಟೆಗೊಂದು ಪ್ಯಾಡ್ ಬದಲಿಸಬೇಕು, ರಾತ್ರಿ ಎರಡು ಪ್ಯಾಡ್ ಕೂಡಿಸಿ ಇಟ್ಟುಕೊಳ್ಳಬೇಕು, ಒಂದು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪುಗಳು ಬೀಳುತ್ತವೆ. ನೋವು ಸ್ರಾವದ ಜೊತೆಗೆ ಬಂದು ಸ್ರಾವ ಮುಗಿಯುವವರೆಗೂ ಇರುತ್ತದೆ. ಜಗ್ಗುವಂಥ, ಗರ್ಭಕೋಶವೇ ಕೆಳಗೆ ಜಾರಿ ಬರುತ್ತದೆ ಅನಿಸುವಂಥ ನೋವು, ಜೊತೆಗೆ ಸೊಂಟ ಹಿಡಿದುಕೊಳ್ಳುವುದು. ಹಿಮೋಗ್ಲೋಬಿನ್ 7.8ಕ್ಕೆ ಇಳಿದಿದೆ, ಮೆಟ್ಟಿಲು ಹತ್ತಿದರೆ ಏದುಸಿರು. ನೋವೂ ವಿಪರೀತ ರಕ್ತಸ್ರಾವವೂ ಜೋಡಿಯಾಗಿ, ನಡುವಯಸ್ಸಿನಲ್ಲಿ, ಹೆರಿಗೆಗಳಾದ ಮೇಲೆ ಹೊಸದಾಗಿ ಬಂದು ಬೆಳೆಯುತ್ತ ಹೋದರೆ ಅಡೆನೊಮಯೋಸಿಸ್ ನೆನಪಾಗಬೇಕು. ಮಗು ಆದರೆ ಸರಿಹೋಗುತ್ತದೆ ಎಂಬ ಅಜ್ಜಿಯ ಮಾತು ಇಲ್ಲಿ ತಲೆಕೆಳಗು.

ಪರೀಕ್ಷಿಸಿದರೆ ಗರ್ಭಕೋಶ ಎಲ್ಲ ಕಡೆ ಒಂದೇ ಸಮ ಉಬ್ಬಿ ದುಂಡಗಾಗಿರುತ್ತದೆ, ಮುಟ್ಟು ಹತ್ತಿರ ಬಂದಾಗ ಒತ್ತಿದರೆ ನೋಯುತ್ತದೆ. ರಿಪೋರ್ಟಿನ ‘ಬಲ್ಕಿ ಯೂಟರಸ್’ ಎಂಬ ಎರಡು ಪದದ ಹಿಂದೆ ಎಷ್ಟೋ ಸಲ ಅಡಗಿರುವುದು ಇದೇ. ಆದರೆ ಎರಡು ಮೂರು ಹೆತ್ತವರ ಗರ್ಭಕೋಶ ಸಹಜವಾಗಿಯೇ ಕೊಂಚ ದೊಡ್ಡದಿರುತ್ತದೆ, ಆ ಮಾತೊಂದೇ ರೋಗನಿರ್ಣಯವಾಗದು. ಗೋಡೆಗಳ ದಪ್ಪದಲ್ಲಿ ಹೆಚ್ಚುಕಡಿಮೆ ಇದೆಯೇ, ಸ್ನಾಯುವಿನೊಳಗೆ ಸಣ್ಣ ನೀರುಗುಳ್ಳೆಗಳಿವೆಯೇ, ಒಳಪೊರೆಗೂ ಸ್ನಾಯುವಿಗೂ ನಡುವಿನ ಗಡಿ ಅಳಿಸಿದೆಯೇ ಎಂದು ರಿಪೋರ್ಟು ಹೇಳಬೇಕು. ಹೇಳದಿದ್ದರೆ ಕೇಳಿ ಬರೆಸಿಕೊಳ್ಳಬಹುದು. ಇದು ನಲವತ್ತು ದಾಟಿದವರ ಕಾಯಿಲೆ ಎಂದು ಪಠ್ಯಪುಸ್ತಕಗಳು ಬಹುಕಾಲ ಹೇಳಿದ್ದಕ್ಕೂ ಒಂದು ಕಾರಣವಿದೆ: ಗರ್ಭಕೋಶ ತೆಗೆದು ಲ್ಯಾಬಿನಲ್ಲಿ ಸೀಳಿ ನೋಡಿದಾಗ ಮಾತ್ರ ಇದು ಸಿಗುತ್ತಿತ್ತು, ಗರ್ಭಕೋಶ ತೆಗೆಸಿಕೊಳ್ಳುತ್ತಿದ್ದವರೋ ಆ ವಯಸ್ಸಿನವರು. ಯಂತ್ರಗಳು ಸುಧಾರಿಸಿದ ಮೇಲೆ ಇಪ್ಪತ್ತು ಮೂವತ್ತರವರಲ್ಲೂ ಸಿಗುತ್ತಿದೆ. ಹಾಗಾಗಿ ವಯಸ್ಸನ್ನು ಸುಳಿವೆಂದು ಇಟ್ಟುಕೊಳ್ಳಬಹುದು, ತೀರ್ಪೆಂದು ಬೇಡ.

ಚಿಕ್ಕಮ್ಮನಿಗೆ ಮೊದಲು ಬೇಕಾದದ್ದು ಕಬ್ಬಿಣಾಂಶ ಮತ್ತು ಮುಟ್ಟಿನ ದಿನಗಳಲ್ಲಿ ಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಸಿಡ್. ಆಮೇಲೆ, ಮಕ್ಕಳು ಸಾಕು ಎನ್ನುವವರಿಗೆ ಒಳ್ಳೆಯ ಆಯ್ಕೆ ಎಂದರೆ ಹಾರ್ಮೋನ್ ತುಂಬಿದ ವಂಕಿ. ಮಾಮೂಲಿ ಕಾಪರ್-ಟಿಗೂ ಇದಕ್ಕೂ ಅಜಗಜಾಂತರ: ಕಾಪರ್-ಟಿ ಸ್ರಾವವನ್ನು ಹೆಚ್ಚಿಸಬಹುದು, ಲೆವೊನಾರ್ಜೆಸ್ಟ್ರೆಲ್ 52 ಮಿ.ಗ್ರಾಂ ಇರುವ ಈ ವಂಕಿ ಒಳಪೊರೆಯನ್ನು ತೆಳ್ಳಗೆ ಮಾಡಿ ಐದು ವರ್ಷ, ಅದಕ್ಕೂ ಹೆಚ್ಚು ಕಾಲ ಸ್ರಾವ ತಗ್ಗಿಸುತ್ತದೆ. ಪೂರ್ತಿ ಗುಣ ಕಾಣಲು ಮೂರರಿಂದ ಆರು ತಿಂಗಳು ಬೇಕು. ಗರ್ಭಕೋಶ ತುಂಬಾ ದೊಡ್ಡದಾಗಿದ್ದರೆ ಹೆಚ್ಚಿನ ಸ್ರಾವದಲ್ಲಿ ಜಾರಿ ಬಿದ್ದುಹೋಗುವುದೂ ಉಂಟು.

ಫೈಬ್ರಾಯ್ಡಿನ ವಿಷಯ ಕೊನೆಗೆ ಇಟ್ಟದ್ದು ಬೇಕೆಂದೇ. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ 50 ವರ್ಷದ ಹೊತ್ತಿಗೆ ಬಿಳಿಯ ಹೆಂಗಸರಲ್ಲಿ ಶೇ. 70ರ ಹತ್ತಿರ, ಕಪ್ಪು ಹೆಂಗಸರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಗೆ ಫೈಬ್ರಾಯ್ಡ್ ಇತ್ತು. ಇಷ್ಟು ಸಾಮಾನ್ಯವಾದದ್ದು ಹುಡುಕಿದಲ್ಲೆಲ್ಲ ಸಿಗುತ್ತದೆ; ಸಿಕ್ಕಿತೆಂದ ಮಾತ್ರಕ್ಕೆ ಅಪರಾಧಿಯಲ್ಲ. ಅದರ ಸ್ವಭಾವ ತಿಳಿಯಲು ಗಾತ್ರಕ್ಕಿಂತ ಜಾಗ ನೋಡಬೇಕು. ಗರ್ಭಕೋಶದ ಪೊಳ್ಳಿನೊಳಗೆ ಮುಖ ಚಾಚಿದ ಒಂದೂವರೆ ಸೆಂ.ಮೀ. ಗಡ್ಡೆ ಮುಟ್ಟನ್ನು ಕೋಡಿ ಹರಿಸಬಲ್ಲದು. ಹೊರಮೈಗೆ ಅಂಟಿದ ಆರು ಸೆಂ.ಮೀ. ಗಡ್ಡೆಗೆ ಮುಟ್ಟಿನ ಗೊಡವೆಯೇ ಇಲ್ಲದಿರಬಹುದು. ಅದು ಮುಂದಕ್ಕೆ ಬೆಳೆದರೆ ಮೂತ್ರಕೋಶವನ್ನು ಒತ್ತಿ ಪದೇ ಪದೇ ಮೂತ್ರಕ್ಕೆ ಎಬ್ಬಿಸುತ್ತದೆ, ಹಿಂದಕ್ಕೆ ಬೆಳೆದರೆ ಮಲಬದ್ಧತೆ. ಕಿಬ್ಬೊಟ್ಟೆಯಲ್ಲಿ ಕೈಗೆ ಸಿಗುವ ಗಟ್ಟಿ, ತಿಂಗಳಿಡೀ ಇರುವ ಭಾರ, ಮುಟ್ಟಿನಲ್ಲಿ ವಿಪರೀತ ರಕ್ತ, ಇದು ಫೈಬ್ರಾಯ್ಡಿನ ರೂಢಿಯ ವೇಷ. ತೀವ್ರ ನೋವು ಇದರಲ್ಲಿ ಮುಖ್ಯ ಲಕ್ಷಣವಲ್ಲ. ಅಪವಾದಗಳಿವೆ: ಬಸುರಿಯಲ್ಲಿ ಗಡ್ಡೆಗೆ ರಕ್ತ ಸಾಲದೆ ಒಳಗೇ ಕೊಳೆತಂತಾಗಿ ಹಲವು ದಿನ ನೋಯಬಹುದು, ತೊಟ್ಟಿನಲ್ಲಿ ತೂಗುವ ಗಡ್ಡೆ ತಿರುಚಿಕೊಳ್ಳಬಹುದು, ಪೊಳ್ಳಿನೊಳಗಿನ ಗಡ್ಡೆಯನ್ನು ಗರ್ಭಕೋಶ ಹೊರದಬ್ಬಲು ನೋಡಿದರೆ ಹೆರಿಗೆಯಂಥ ನೋವೇ ಬರುತ್ತದೆ. ಇವೆಲ್ಲ ದಿಢೀರನೆ ಬರುವಂಥವು, ವರ್ಷಗಟ್ಟಲೆ ತಿಂಗಳು ತಿಂಗಳು ಮರುಕಳಿಸುವ ನೋವಿನಂಥವಲ್ಲ.

ಆಪರೇಷನ್ ಟೇಬಲ್ಲಿನ ಮೇಲೆ ಫೈಬ್ರಾಯ್ಡ್‌ಗೂ ಅಡೆನೊಮಯೋಸಿಸ್‌ಗೂ ಇರುವ ಅಂತರ ದೊಡ್ಡದು. ಫೈಬ್ರಾಯ್ಡ್ ಸುತ್ತ ಒಂದು ಪೊರೆಯಿರುತ್ತದೆ. ಹಲಸಿನ ತೊಳೆಯಿಂದ ಬೀಜ ಬಿಡಿಸಿದ ಹಾಗೆ ಗಡ್ಡೆಯಷ್ಟನ್ನೇ ಬಿಡಿಸಿ ಗರ್ಭಕೋಶ ಉಳಿಸಬಹುದು. ಅಡೆನೊಮಯೋಸಿಸ್ ಸ್ನಾಯುವಿನಲ್ಲಿ ಬೆರೆತುಹೋಗಿರುತ್ತದೆ, ಎಲ್ಲಿ ಶುರು ಎಲ್ಲಿ ಕೊನೆ ಎಂದು ಗೊತ್ತಾಗುವುದಿಲ್ಲ. ಫೈಬ್ರಾಯ್ಡ್ ಎಂದುಕೊಂಡು ಹೊಟ್ಟೆ ತೆರೆದು, ಬಿಡಿಸಲು ಪೊರೆಯೇ ಸಿಗದೆ ಒದ್ದಾಡುವ ಪ್ರಸಂಗ ಬರುವುದು ಇದರಿಂದಲೇ. ಅನುಮಾನವಿದ್ದರೆ ಆಪರೇಷನ್ ಮುಂಚೆ ಎಂಆರ್‌ಐ ಮಾಡಿಸುವುದು ಖರ್ಚಿಗೆ ತಕ್ಕ ಕೆಲಸ.

ಇಷ್ಟೆಲ್ಲ ಹೇಳಿದ ಮೇಲೂ ಈ ವಿಂಗಡಣೆಗೆ ಮಿತಿಯಿದೆ. ಒಬ್ಬಳಲ್ಲೇ ಎರಡು ಕಾಯಿಲೆ ಇರುವುದು ಅಪರೂಪವಲ್ಲ. ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಅಡೆನೊಮಯೋಸಿಸ್, ಅಡೆನೊಮಯೋಸಿಸ್ ಇದ್ದವರಲ್ಲಿ ಫೈಬ್ರಾಯ್ಡ್ ಜೊತೆಗೂಡಿ ಬರುತ್ತವೆ. ನೋವು ಹತ್ತಾರು ವರ್ಷ ಹಳೆಯದಾದರೆ ನರಗಳೇ ಸೂಕ್ಷ್ಮವಾಗಿ, ಮುಟ್ಟಿಗೆ ಅಂಟಿಕೊಂಡಿದ್ದ ನೋವು ತಿಂಗಳಿಡೀ ಹರಡಿಬಿಡುತ್ತದೆ. ಆಗ ಇಂದಿನ ನೋವಿಗಿಂತ ಮೊದಲ ವರ್ಷಗಳ ನೋವು ಹೇಗಿತ್ತು ಎಂದು ಕೇಳಬೇಕಾಗುತ್ತದೆ. ಮುಟ್ಟಿನೊಡನೆ ಸಂಬಂಧವೇ ಇಲ್ಲದ ಕರುಳು, ಮೂತ್ರಕೋಶದ ತೊಂದರೆಗಳೂ ಆ ದಿನಗಳಲ್ಲಿ ಕೊಂಚ ಏರುವುದುಂಟು. ಜ್ವರ ಮತ್ತು ದುರ್ವಾಸನೆಯ ಬಿಳಿಮುಟ್ಟಿನ ಜೊತೆ ನೋವು ಬಂದರೆ ಸೋಂಕು. ಮುಟ್ಟು ತಪ್ಪಿ ಒಂದು ಬದಿಗೆ ತೀವ್ರ ನೋವು, ತಲೆಸುತ್ತು ಬಂದರೆ ಗರ್ಭನಾಳದಲ್ಲಿ ಬಸಿರು ನಿಂತಿರಬಹುದು. ಎರಡಕ್ಕೂ ಡೈರಿ ಬರೆಯುತ್ತ ಕೂರದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಮುಟ್ಟು ನಿಂತು ವರ್ಷವಾದ ಮೇಲೆ ಕಾಣಿಸಿಕೊಳ್ಳುವ ರಕ್ತಕ್ಕೂ ತಡಮಾಡುವಂತಿಲ್ಲ.

ಉಳಿದವರಿಗೆ ಡೈರಿ ನಿಜಕ್ಕೂ ಬೇಕು. ಗೋಡೆಯ ಕ್ಯಾಲೆಂಡರೇ ಸಾಕು: ನೋವು ಬಂದ ದಿನಗಳಿಗೆಲ್ಲ, ಸ್ರಾವ ಇಲ್ಲದ ದಿನಗಳನ್ನೂ ಸೇರಿಸಿ, ಹತ್ತಕ್ಕೆ ಎಷ್ಟು ಎಂಬ ಅಂಕಿ, ಆ ದಿನ ಬಳಸಿದ ಪ್ಯಾಡ್, ಮಾತ್ರೆ ನುಂಗಿದರೆ ಎಷ್ಟು ಗಂಟೆಗೆ, ಗುಣ ಕಂಡಿತೋ ಇಲ್ಲವೋ, ಮಲ, ಮೂತ್ರ, ಸಂಭೋಗದಲ್ಲಿ ನೋವಾದರೆ ಒಂದು ಗುರುತು. ಮೂರು ತಿಂಗಳ ಇಂಥ ಹಾಳೆ ಕೈಯಲ್ಲಿದ್ದರೆ, ಐದು ನಿಮಿಷದ ಭೇಟಿಯಲ್ಲೂ ವೈದ್ಯರಿಗೆ ನೋವು ಸ್ರಾವಕ್ಕೆ ಮುಂಚೆಯೋ ಜೊತೆಗೋ ಎಂಬುದು ಕಣ್ಣಿಗೆ ಬೀಳುತ್ತದೆ.

ಮದುವೆಯಾಗದ ಹುಡುಗಿಯರದು ಬೇರೆಯೇ ಕಷ್ಟ. ಯೋನಿಮಾರ್ಗದ ಸ್ಕ್ಯಾನಿಂಗ್ ನಮ್ಮಲ್ಲಿ ಅವರಿಗೆ ಮಾಡುವುದಿಲ್ಲ. ನೀರು ಕುಡಿಸಿ ಮೂತ್ರಕೋಶ ತುಂಬಿಸಿ ಹೊಟ್ಟೆಯ ಮೇಲಿನಿಂದ ಮಾಡುವ ಸ್ಕ್ಯಾನಿಂಗಿನಲ್ಲಿ ಆಳದ ಗಂಟುಗಳು ತಪ್ಪಿಹೋಗುತ್ತವೆ. ಹದಿನೇಳರ ಹುಡುಗಿ ಪ್ರತಿ ತಿಂಗಳೂ ಎರಡು ದಿನ ಪಿಯುಸಿ ತರಗತಿ ತಪ್ಪಿಸುತ್ತಿದ್ದರೆ, ‘ನಾರ್ಮಲ್’ ರಿಪೋರ್ಟನ್ನು ಕಡೆಯ ಮಾತೆಂದು ಒಪ್ಪಬೇಕಿಲ್ಲ. ಎಂಆರ್‌ಐ ಕೇಳಬಹುದು, ಅಥವಾ ಲಕ್ಷಣ ನೋಡಿಯೇ ಚಿಕಿತ್ಸೆ ಶುರುಮಾಡಬಹುದು. ನೋವಿನ ಮಾತ್ರೆಗೂ ಹಾರ್ಮೋನಿಗೂ ಬಗ್ಗದ ನೋವಿರುವ ಹದಿಹರೆಯದವರನ್ನು ಲ್ಯಾಪ್ರೊಸ್ಕೋಪಿಯಲ್ಲಿ ನೋಡಿದರೆ ಮೂವರಲ್ಲಿ ಇಬ್ಬರಿಗಾದರೂ ಎಂಡೊಮೆಟ್ರಿಯೋಸಿಸ್ ಇರುತ್ತದೆ ಎಂದು ಅಮೆರಿಕದ ಪ್ರಸೂತಿ ತಜ್ಞರ ಸಂಘ ಹೇಳಿದೆ. ಅವರಿಗೆ ‘ಗರ್ಭನಿರೋಧಕ ಮಾತ್ರೆ’ ಬರೆದಾಗ ತಾಯಂದಿರು ಹೌಹಾರುತ್ತಾರೆ. ಅಲ್ಲಿ ಆ ಮಾತ್ರೆ ಕೊಡುವುದು ಅಂಡ ಬಿಡುಗಡೆಯನ್ನೂ ಒಳಪೊರೆಯ ಬೆಳವಣಿಗೆಯನ್ನೂ ತಡೆಯಲಿಕ್ಕೆ. ಬಿಟ್ಟ ಮೇಲೆ ಮುಟ್ಟು ಮೊದಲಿನಂತೆ ಮರಳುತ್ತದೆ.

ಗರ್ಭಕೋಶ ತೆಗೆಸುವ ಪ್ರಶ್ನೆ ಕರ್ನಾಟಕದಲ್ಲಿ ಕೇವಲ ವೈದ್ಯಕೀಯ ಪ್ರಶ್ನೆಯಾಗಿ ಉಳಿದಿಲ್ಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು ಹೊಟ್ಟೆನೋವೆಂದು ಖಾಸಗಿ ಆಸ್ಪತ್ರೆಗೆ ಹೋಗಿ ಚಿಕ್ಕ ವಯಸ್ಸಿನಲ್ಲೇ ಗರ್ಭಕೋಶ ಕಳೆದುಕೊಂಡು ಬಂದದ್ದು ದಶಕದ ಹಿಂದೆ ದೊಡ್ಡ ಸುದ್ದಿಯಾಗಿತ್ತು. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಗಳನ್ನು ಜಾರಿಗೆ ತರಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಆದೇಶಿಸಿತು. ಮೂರು ಕಾಯಿಲೆಗಳ ಭೇದ ಇಲ್ಲಿ ಮತ್ತೆ ಮುಖ್ಯವಾಗುತ್ತದೆ. ಗರ್ಭಕೋಶ ತೆಗೆದರೆ ಅಡೆನೊಮಯೋಸಿಸ್ ಅದರೊಂದಿಗೇ ಹೋಗುತ್ತದೆ, ಫೈಬ್ರಾಯ್ಡೂ ಹೋಗುತ್ತದೆ. ಔಷಧ, ವಂಕಿ ಎಲ್ಲ ಸೋತು, ಮಕ್ಕಳು ಸಾಕೆಂದಾದ ಚಿಕ್ಕಮ್ಮನಂಥವರಿಗೆ ಅದು ನ್ಯಾಯವಾದ ಆಯ್ಕೆಯೇ. ಎಂಡೊಮೆಟ್ರಿಯೋಸಿಸ್ ಇರುವುದು ಗರ್ಭಕೋಶದ ಹೊರಗೆ. ಕರುಳಿನ ಮೇಲಿನ ಗಂಟನ್ನು ಹಾಗೇ ಬಿಟ್ಟು ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ನೋವು ಉಳಿಯಬಹುದು. ‘ಹೇಗೂ ಹೊಟ್ಟೆ ತೆರೆದಿದೆ’ ಎಂದು ನಲವತ್ತೈದರೊಳಗೆ ಎರಡೂ ಅಂಡಾಶಯ ತೆಗೆದರೆ ಅಕಾಲದ ಮುಟ್ಟು ನಿಲುಗಡೆ ಬಂದು ಮೂಳೆ ಸವೆತ, ಹೃದಯದ ಕಾಯಿಲೆಯ ಅಪಾಯ ಹೆಚ್ಚುತ್ತದೆ, ಹಾರ್ಮೋನ್ ಮರುಪೂರಣದ ಮಾತು ಆಗಲೇ ಆಡಬೇಕಾಗುತ್ತದೆ. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂಚೆ ವೈದ್ಯರ ಬಾಯಿಂದ ಎರಡು ಉತ್ತರ ಪಡೆಯಬೇಕು: ಈ ಮೂರರಲ್ಲಿ ನನ್ನ ನೋವಿಗೆ ಕಾರಣ ಯಾವುದೆಂದು ನೀವು ತಿಳಿದಿದ್ದೀರಿ, ಮತ್ತು ಅಂಡಾಶಯಗಳನ್ನು ಉಳಿಸುತ್ತೀರೋ ಇಲ್ಲವೋ.